ಒಂಟಿ ಕೋಣೆಗೆ ಮೂರು ಪುಸ್ತಕ: ಯಾವುದು ಮೊದಲು, ಹೇಗೆ ಓದಬೇಕು

ಕೆಲಸ ಸಿಕ್ಕಿ ಹೊಸ ಊರಿಗೆ ಬಂದು ಮೂರ್ನಾಲ್ಕು ತಿಂಗಳಾಗಿರುತ್ತದೆ. ಒಂದು ಭಾನುವಾರ ರಾತ್ರಿ ಮೊಬೈಲಿನಲ್ಲಿ ಒಂಟಿತನದ ಬಗ್ಗೆ ಹುಡುಕಿ, ಮೊದಲು ಕಂಡ ನಾಲ್ಕೈದು ಪುಸ್ತಕಗಳನ್ನು ಒಟ್ಟಿಗೆ ತರಿಸಿಕೊಳ್ಳುತ್ತಾರೆ. ಎರಡರಲ್ಲಿ ಮೊದಲ ಮೂವತ್ತು ಪುಟ ಓದಿದ್ದಾಗುತ್ತದೆ. ಉಳಿದವು ಪ್ಯಾಕು ಕೂಡ ಬಿಚ್ಚದೆ ಕಿಟಕಿಯ ಹಲಗೆಯ ಮೇಲೆ ಧೂಳು ತಿನ್ನುತ್ತವೆ. ಓದುವವರ ಸೋಮಾರಿತನವನ್ನು ಇದಕ್ಕೆ ದೂರಬೇಕಿಲ್ಲ. ಒಂಟಿತನದ ಮೇಲಿನ ಪುಸ್ತಕಗಳು ಬೇರೆ ಬೇರೆ ಕೊರತೆಗಳಿಗೆ ಬರೆದಂಥವು, ಅವನ್ನು ಓದುವುದಕ್ಕೆ ಒಂದು ಕ್ರಮವೂ ಇದೆ. ಕ್ರಮ ತಪ್ಪಿದರೆ ಒಳ್ಳೆಯ ಪುಸ್ತಕವೂ ಕೈಗೆ ಹತ್ತುವುದಿಲ್ಲ.

ಇಲ್ಲಿ ಹೇಳುವುದು ಆರು ವಾರಗಳ ಓದಿನ ಬಗ್ಗೆ. ಮೂರು ಪುಸ್ತಕ, ಒಂದು ಇನ್ನೂರು ಪುಟದ ನೋಟ್‌ಬುಕ್ಕು, ಒಂದು ಪೆನ್ನು ಸಾಕು. ಉದಾಹರಣೆಗೆ ಒಬ್ಬಳನ್ನು ಊಹಿಸಿಕೊಳ್ಳೋಣ. ಶಿರಸಿ ಕಡೆಯ ಹುಡುಗಿ, ಇಪ್ಪತ್ತೈದು ವರ್ಷ, ಬೆಂಗಳೂರಿನ ವೈಟ್‌ಫೀಲ್ಡ್ ಹತ್ತಿರ ಒಂದು ಕೋಣೆಯ ಮನೆ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ಕನ್ನಡದ ಹುಡುಗರಿಗೂ ಲೆಕ್ಕ ಇದೇ. ಅಲ್ಲಿ ಭಾಷೆಯ ತೊಡಕು ಒಂದು ಹೆಚ್ಚು, ಅಷ್ಟೇ.

ಪುಸ್ತಕ ಕೊಳ್ಳುವ ಮೊದಲು ಅಳೆದುಕೊಳ್ಳಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳಿ. ಜೊತೆಗೆ ಯಾರೂ ಇಲ್ಲ ಅಂತ ಎಷ್ಟು ಸಲ ಅನ್ನಿಸುತ್ತದೆ? ನನ್ನನ್ನು ಬಿಟ್ಟು ಉಳಿದವರೆಲ್ಲ ಸೇರಿಕೊಂಡಿದ್ದಾರೆ ಅಂತ ಎಷ್ಟು ಸಲ? ಎಲ್ಲರಿಂದ ದೂರ ಉಳಿದುಬಿಟ್ಟಿದ್ದೇನೆ ಅಂತ ಎಷ್ಟು ಸಲ? ಪ್ರತಿ ಪ್ರಶ್ನೆಗೂ ಅಂಕ ಕೊಡಿ: ಅಪರೂಪಕ್ಕೆ ಅಂದರೆ 1, ಆಗಾಗ ಅಂದರೆ 2, ಬಹಳ ಸಲ ಅಂದರೆ 3. ಒಟ್ಟು 3ರಿಂದ 9ರವರೆಗೆ ಬರಬಹುದು. 6 ಅಥವಾ ಅದಕ್ಕಿಂತ ಮೇಲಿದ್ದರೆ ಒಂಟಿತನ ಇದೆ ಎಂದು ಸಂಶೋಧಕರು ಸಾಮಾನ್ಯವಾಗಿ ಎಣಿಸುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ 1978ರಲ್ಲಿ ಇಪ್ಪತ್ತು ಪ್ರಶ್ನೆಗಳ ಒಂದು ಮಾಪಕ ತಯಾರಾಯಿತು, ಅದರ ಚಿಕ್ಕ ರೂಪ ಇದು. ಇಲ್ಲಿ ಬರುವ ಅಂಕ ರೋಗದ ಹೆಸರಲ್ಲ. ಆರು ವಾರ ಕಳೆದ ಮೇಲೆ ಹೋಲಿಸಿ ನೋಡುವುದಕ್ಕೆ ಒಂದು ಗುರುತು. ಪಕ್ಕದಲ್ಲಿ ತಾರೀಖು ಹಾಕಿಡಿ.

ಎಷ್ಟು ಅನ್ನುವುದಕ್ಕಿಂತ ಯಾವ ತರಹದ್ದು ಅನ್ನುವುದು ಮುಖ್ಯ. ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲಿಯೇ ಇದನ್ನು ಎರಡಾಗಿ ಒಡೆದು ತೋರಿಸಿದರು. ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಒಂದು ಜೀವ ಇಲ್ಲದಿರುವುದು ಒಂದು ಬಗೆ. ಒಡನಾಟಕ್ಕೆ ನಾಲ್ಕು ಜನರ ಗುಂಪು ಇಲ್ಲದಿರುವುದು ಇನ್ನೊಂದು ಬಗೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ ಎನ್ನುವುದು ಅವರ ವಾದದ ತಿರುಳು. ಮನೆಗೆ ದಿನಾ ಫೋನ್ ಮಾಡಿ ಅಮ್ಮನ ಹತ್ತಿರ ಅರ್ಧ ಗಂಟೆ ಮಾತಾಡಿದರೂ ಶುಕ್ರವಾರ ಸಂಜೆ ಹೊಟ್ಟೆಯೊಳಗೆ ಏನೋ ಖಾಲಿ ಖಾಲಿ ಅನ್ನಿಸುವುದು ಇದಕ್ಕೇ. ಆಫೀಸಿನ ಹತ್ತು ಜನರ ಜೊತೆ ನಗುತ್ತಾ ಊಟ ಮಾಡಿ ಬಂದು, ಬಾಗಿಲು ಹಾಕಿದ ತಕ್ಷಣ ಅಳು ಬರುವುದೂ ಇದಕ್ಕೇ.

ನಿಮ್ಮದು ಯಾವುದು ಅಂತ ಕಂಡುಕೊಳ್ಳಲು ಹೀಗೆ ಮಾಡಿ. ಮುಂದಿನ ಶುಕ್ರವಾರ ರಾತ್ರಿ ಎಂಟಕ್ಕೆ, ಮೊಬೈಲ್ ತೆಗೆಯುವ ಮೊದಲು, 'ಈಗ ನನಗೆ ಏನು ಬೇಕಾಗಿತ್ತು?' ಎಂಬುದಕ್ಕೆ ಒಂದು ಸಾಲು ಬರೆಯಿರಿ. 'ಇವತ್ತು ಮೀಟಿಂಗಿನಲ್ಲಿ ಆದದ್ದನ್ನು ಯಾರಿಗಾದರೂ ಹೇಳಬೇಕಿತ್ತು' ಅಂತ ಬರೆದರೆ ಅದು ಮೊದಲ ಬಗೆ. 'ಎಲ್ಲಿಗಾದರೂ ಹೋಗಬೇಕಿತ್ತು, ಕರೆಯುವವರೇ ಇಲ್ಲ' ಅಂತಾದರೆ ಎರಡನೆಯದು. ಹೊಸ ಊರಿಗೆ ಬಂದ ಮೊದಲ ವರ್ಷದಲ್ಲಿ ಹೆಚ್ಚಾಗಿ ಕಾಡುವುದು ಎರಡನೆಯದೇ. ಅದನ್ನು ಮೊದಲನೆಯದೆಂದು ತಪ್ಪಾಗಿ ತಿಳಿದು, ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದು ಮ್ಯಾಟ್ರಿಮೊನಿ ಆ್ಯಪಿಗೆ ದುಡ್ಡು ಕಟ್ಟಿದವರೂ ಇದ್ದಾರೆ.

ಮೊದಲ ಪುಸ್ತಕ: ಮನಸ್ಸು ಮಾಡುವ ಮೋಸ

ಮೊದಲ ಎರಡು ವಾರಕ್ಕೆ ಜಾನ್ ಕಸಿಯೊಪೊ ಮತ್ತು ವಿಲಿಯಂ ಪ್ಯಾಟ್ರಿಕ್ ಬರೆದ 'ಲೋನ್ಲಿನೆಸ್' (2008). ಕಸಿಯೊಪೊ ಷಿಕಾಗೊ ವಿಶ್ವವಿದ್ಯಾಲಯದ ಮನೋವಿಜ್ಞಾನಿ, 2018ರಲ್ಲಿ ತೀರಿಕೊಂಡರು. ಹಸಿವು, ಬಾಯಾರಿಕೆ ಇದ್ದ ಹಾಗೆ ಒಂಟಿತನವೂ ದೇಹ ಕೊಡುವ ಒಂದು ಸೂಚನೆ ಎನ್ನುತ್ತಾರೆ ಅವರು. ನೀನು ಗುಂಪಿನಿಂದ ದೂರ ಬಿದ್ದಿದ್ದೀಯ, ಹತ್ತಿರ ಹೋಗು ಅಂತ ಅದು ಹೇಳುತ್ತದೆ. ಇಷ್ಟಾದರೆ ಸುಲಭವಿತ್ತು. ಆದರೆ ಒಂಟಿತನ ತಿಂಗಳುಗಟ್ಟಲೆ ನಿಂತರೆ ಮನಸ್ಸು ಇನ್ನೊಂದು ಕೆಲಸವನ್ನೂ ಶುರುಮಾಡುತ್ತದೆ. ಗುಂಪಿನಿಂದ ದೂರವಿರುವ ಪ್ರಾಣಿ ಅಪಾಯದಲ್ಲಿರುವ ಪ್ರಾಣಿ, ಹಾಗಾಗಿ ಸುತ್ತಲಿನವರ ಮುಖದಲ್ಲಿ, ಮಾತಿನಲ್ಲಿ, ಮೌನದಲ್ಲಿ ಅಪಾಯವನ್ನೇ ಹುಡುಕುತ್ತದೆ. ಹುಡುಕಿದರೆ ಸಿಕ್ಕೇ ಸಿಗುತ್ತದೆ. ಸಿಕ್ಕಿದ ಮೇಲೆ ನಾವು ಇನ್ನಷ್ಟು ಹಿಂದೆ ಸರಿಯುತ್ತೇವೆ. ಹತ್ತಿರ ಹೋಗೆಂದು ತಳ್ಳುವುದೂ ಅದೇ, ಹೋಗಬೇಡವೆಂದು ಕಾಲು ಕಟ್ಟುವುದೂ ಅದೇ.

ನಮ್ಮ ಶಿರಸಿ ಹುಡುಗಿಯ ಗುರುವಾರವನ್ನು ನೋಡಿ. ಸಂಜೆ ನಾಲ್ಕಕ್ಕೆ ಟೀಮಿನ ಇಬ್ಬರಿಗೆ 'ಚಹಾಕ್ಕೆ ಹೋಗೋಣ್ವಾ?' ಅಂತ ಮೆಸೇಜ್ ಹಾಕಿದಳು. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಐದಕ್ಕೆ ಆ ಇಬ್ಬರೂ ಪ್ಯಾಂಟ್ರಿಯಲ್ಲಿ ನಿಂತು ನಗುವುದು ಕಂಡಿತು. ಆರರ ಹೊತ್ತಿಗೆ ಅವಳ ತಲೆಯಲ್ಲಿ ತೀರ್ಪು ಆಗಿಹೋಗಿತ್ತು: ಅವರಿಗೆ ನಾನು ಬೇಡ. ಶುಕ್ರವಾರ ಅವರು ಊಟಕ್ಕೆ ಕರೆದಾಗ 'ಡಬ್ಬಿ ತಂದಿದ್ದೀನಿ' ಅಂದಳು. ತಂದಿರಲಿಲ್ಲ.

ಪುಸ್ತಕದ ಬೆಲೆ ತಿಳಿಯುವುದು ಇಂಥ ಕಡೆ. ಓದುವಾಗ ನೋಟ್‌ಬುಕ್ಕಿನ ಒಂದು ಪುಟಕ್ಕೆ ನಡುವೆ ಗೆರೆ ಎಳೆಯಿರಿ. ಎಡಗಡೆ ಕಣ್ಣಿಗೆ ಕಂಡದ್ದು ಮಾತ್ರ: ಮೆಸೇಜ್ ಓದಿದರು, ಉತ್ತರಿಸಲಿಲ್ಲ, ಒಂದು ಗಂಟೆಯ ಮೇಲೆ ನಗುತ್ತಿದ್ದರು. ಬಲಗಡೆ ನೀವು ಸೇರಿಸಿಕೊಂಡದ್ದು: ನಾನು ಬೇಡ. ಬಲಗಡೆಯ ಸಾಲಿನ ಕೆಳಗೆ ಅಷ್ಟೇ ನಂಬಬಹುದಾದ ಇನ್ನೆರಡು ಕಾರಣ ಬರೆಯಲೇಬೇಕು. ನಾಲ್ಕಕ್ಕೆ ಕಾಲ್‌ನಲ್ಲಿದ್ದರು, ಆಮೇಲೆ ಮರೆತರು. ಗುಂಪಿನ ಮೆಸೇಜಿಗೆ ಇನ್ನೊಬ್ಬ ಉತ್ತರಿಸುತ್ತಾನೆ ಅಂತ ಇಬ್ಬರೂ ಸುಮ್ಮನಾದರು. ವಾರಕ್ಕೆ ಮೂರು ಘಟನೆ ಸಾಕು, ಎರಡು ವಾರಕ್ಕೆ ಆರು. ಇವು ಸುಳ್ಳು ಸಮಾಧಾನಗಳಾಗಬಾರದು, ನೀವೇ ನಂಬುವಂಥ ಕಾರಣಗಳಾಗಿರಬೇಕು. ನಂಬಿಕೆ ಬರದಿದ್ದರೆ ಮರುದಿನ ಹೋಗಿ 'ನಿನ್ನೆ ಚಹಾಕ್ಕೆ ಕರೆದಿದ್ದೆ, ಬ್ಯುಸಿ ಇದ್ರಾ?' ಅಂತ ಒಂದು ಮಾತು ಕೇಳಿ, ಉತ್ತರವನ್ನು ಎಡಗಡೆ ಸೇರಿಸಿ.

ಉಳಿದ ಉಪಾಯಗಳನ್ನೆಲ್ಲ ಬಿಟ್ಟು ಇದನ್ನೇ ಮೊದಲು ಇಡುವುದಕ್ಕೆ ಆಧಾರ ಇದೆ. ಒಂಟಿತನ ಕಡಿಮೆ ಮಾಡಲು ನಡೆದ ಪ್ರಯತ್ನಗಳನ್ನೆಲ್ಲ ಕಸಿಯೊಪೊ ಮತ್ತವರ ಜೊತೆಗಾರರು 2011ರಲ್ಲಿ ಒಟ್ಟಿಗೆ ತೂಗಿ ನೋಡಿದರು. ಮಾತಾಡುವ ಕಲೆ ಕಲಿಸುವುದು, ಆಸರೆ ಒದಗಿಸುವುದು, ಜನ ಸೇರುವ ಅವಕಾಶ ಹೆಚ್ಚಿಸುವುದು, ಬೇರೆಯವರ ಬಗ್ಗೆ ಯೋಚಿಸುವ ತಪ್ಪು ರೀತಿಯನ್ನು ತಿದ್ದುವುದು ಎಂದು ನಾಲ್ಕು ಬಗೆ. ಎದ್ದು ಕಂಡದ್ದು ಕೊನೆಯದು. ಮೊದಲು ನಾಲ್ಕು ಜನರ ಮಧ್ಯೆ ಹೋಗು ಎಂಬ ಸಲಹೆ ಎಷ್ಟೋ ಸಲ ಕೆಲಸ ಮಾಡದಿರುವುದಕ್ಕೆ ಇಲ್ಲಿ ಕಾರಣ ಸಿಗುತ್ತದೆ. ಅನುಮಾನದ ಕನ್ನಡಕ ಹಾಕಿಕೊಂಡೇ ಜನರ ಮಧ್ಯೆ ಹೋದರೆ ಅನುಮಾನಕ್ಕೆ ಇನ್ನಷ್ಟು ಮೇವು ಸಿಗುತ್ತದೆ ಅಷ್ಟೇ.

ಪುಸ್ತಕ ಮೂರು ಭಾಗಗಳಲ್ಲಿದೆ. ನಡುವಿನ ಭಾಗ ವಿಕಾಸವಾದದ್ದು, ಮಂಗಗಳಿಂದ ಮನುಷ್ಯರವರೆಗೆ. ಅದು ಓದಲು ಚೆನ್ನಾಗಿಯೇ ಇದೆ, ಆದರೆ ಹತ್ತರಲ್ಲಿ ಆರು ಜನ ಪುಸ್ತಕ ಕೆಳಗಿಡುವುದು ಅಲ್ಲೇ ಇರಬೇಕು. ಮೊದಲ ಓದಿನಲ್ಲಿ ಅದನ್ನು ಹಾರಿಸಿ ಮೊದಲ ಮತ್ತು ಕೊನೆಯ ಭಾಗ ಓದಿ. ಕೊನೆಯಲ್ಲಿ ಅವರು ನಾಲ್ಕು ಹೆಜ್ಜೆ ಹೇಳುತ್ತಾರೆ: ಅಪಾಯವಿಲ್ಲದ ಕಡೆ ಸಣ್ಣ ಪ್ರಮಾಣದಲ್ಲಿ ಕೈ ಚಾಚುವುದು, ಏನು ಮಾಡಬೇಕೆಂದು ತಾನೇ ಯೋಜನೆ ಹಾಕಿಕೊಳ್ಳುವುದು, ಜನರನ್ನು ಆರಿಸಿಕೊಳ್ಳುವುದು, ಒಳ್ಳೆಯದಾಗುತ್ತದೆಂದು ಎಣಿಸಿ ಹೊರಡುವುದು. ಮೊದಲ ಹೆಜ್ಜೆಯ 'ಸಣ್ಣ ಪ್ರಮಾಣ' ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಎಳನೀರು ಮಾರುವವರ ಹತ್ತಿರ ಎರಡು ಮಾತು, ಲಿಫ್ಟಿನಲ್ಲಿ ಸಿಕ್ಕ ಮೇಲಿನ ಮನೆಯ ಅಜ್ಜಿಗೆ ನಮಸ್ಕಾರ. ಅಲ್ಲಿ ಗೆಳೆತನ ಹುಡುಕಬೇಡಿ. ಎದುರಿನವರು ಕಚ್ಚುವುದಿಲ್ಲ ಎಂದು ದೇಹಕ್ಕೆ ಗೊತ್ತಾದರೆ ಸಾಕು.

ಇಂಗ್ಲಿಷಿನ ವಿಜ್ಞಾನ ಬರವಣಿಗೆ ಭಾರ ಅನ್ನಿಸಿದರೆ ಇದರ ಬದಲು ವಿವೇಕ್ ಮೂರ್ತಿಯವರ 'ಟುಗೆದರ್' (2020) ತೆಗೆದುಕೊಳ್ಳಿ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಮೂರ್ತಿಯವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. ಊರು ಬಿಟ್ಟು ಹೋದ ಕುಟುಂಬ ಹೊಸ ನೆಲದಲ್ಲಿ ಜನರನ್ನು ಕಟ್ಟಿಕೊಳ್ಳುವ ಕಥೆ ಆ ಪುಸ್ತಕದೊಳಗೆ ಹರಿದಿದೆ. ವೈಸ್ ಹೇಳಿದ ಎರಡಕ್ಕೆ ಅವರು ಮೂರನೆಯದೊಂದನ್ನು ಸೇರಿಸುತ್ತಾರೆ: ಒಂದೇ ಉದ್ದೇಶಕ್ಕೆ ಸೇರಿದ ದೊಡ್ಡ ಸಮುದಾಯದ ಕೊರತೆ. ಊರಿನಲ್ಲಿ ಯಕ್ಷಗಾನದ ಬಯಲಿನಲ್ಲೋ ಜಾತ್ರೆಯಲ್ಲೋ ಪರಿಚಯವಿಲ್ಲದವರ ನಡುವೆಯೂ 'ನಮ್ಮವರು' ಅನ್ನಿಸುತ್ತಿತ್ತಲ್ಲ, ಅದು ಹೊಸ ಊರಿನಲ್ಲಿ ಸಿಗದಿರುವುದು. ಇಂಗ್ಲಿಷೇ ಬೇಡ ಅನ್ನುವವರಿಗೆ, ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಆರೋಗ್ಯದ ಬಗ್ಗೆ ತಿಳಿಗನ್ನಡದಲ್ಲಿ ಬರೆದ ಪುಟ್ಟ ಪುಸ್ತಕಗಳು ಬಹಳಷ್ಟಿವೆ. ಪುಸ್ತಕ ಯಾವುದಾದರೂ ಗೆರೆ ಎಳೆದ ಆ ಪುಟವನ್ನು ಬಿಡಬೇಡಿ.

ಎರಡನೆಯದು: ಪೆನ್ನಿಲ್ಲದೆ ತೆರೆಯಬಾರದ ಪುಸ್ತಕ

ಮೂರನೆಯ ಮತ್ತು ನಾಲ್ಕನೆಯ ವಾರ ಡೇವಿಡ್ ಬರ್ನ್ಸ್ ಅವರ 'ಫೀಲಿಂಗ್ ಗುಡ್' (1980). ಅದು ಮುಖ್ಯವಾಗಿ ಖಿನ್ನತೆಯ ಪುಸ್ತಕ, ಗಾತ್ರವೂ ದೊಡ್ಡದು. ಪೂರ್ತಿ ಓದಬೇಕಾಗಿಲ್ಲ. ಯೋಚನೆಯ ತಪ್ಪುಗಳನ್ನು ಪಟ್ಟಿ ಮಾಡಿದ ಆರಂಭದ ಅಧ್ಯಾಯಗಳು, ಆಮೇಲೆ ಖುಷಿಯನ್ನು ಮೊದಲೇ ಅಂದಾಜು ಮಾಡಿ ಬರೆಯುವ ಒಂದು ಹಾಳೆ ಸಾಕು. ಒಂಟಿಯಾಗಿರುವವರಿಗೆ ಆ ಹಾಳೆ ಬಹಳ ಉಪಯೋಗದ್ದು, ಯಾಕೆಂದರೆ 'ಒಬ್ಬಳೇ ಇದ್ದರೆ ಬೇಜಾರೇ' ಎಂಬ ನಂಬಿಕೆಯನ್ನು ಅದು ಪರೀಕ್ಷೆಗೆ ಹಚ್ಚುತ್ತದೆ.

ಮಾಡುವ ಕೆಲಸ, ಯಾರ ಜೊತೆ, ಎಷ್ಟು ಖುಷಿ ಸಿಗಬಹುದು ಎಂಬ ಅಂದಾಜು, ನಿಜವಾಗಿ ಎಷ್ಟು ಸಿಕ್ಕಿತು. ನಾಲ್ಕೇ ಕಾಲಮ್ಮು. ಅಂಕ 0ರಿಂದ 100. ಅಂದಾಜನ್ನು ಹೊರಡುವ ಮೊದಲೇ ಬರೆಯಬೇಕು. ಬಂದಮೇಲೆ ಎರಡನ್ನೂ ಒಟ್ಟಿಗೆ ಬರೆದರೆ ಮನಸ್ಸು ಅಂದಾಜನ್ನು ಸದ್ದಿಲ್ಲದೆ ತಿದ್ದಿಬಿಡುತ್ತದೆ, ಹಾಳೆಯ ಕೆಲಸವೇ ಕೆಟ್ಟಿತು. ನಮ್ಮ ಹುಡುಗಿಯ ಒಂದು ವಾರದ ಹಾಳೆ ಹೀಗಿರಬಹುದು:

| ಕೆಲಸ | ಯಾರ ಜೊತೆ | ಅಂದಾಜು | ನಿಜ |
|---|---|---|---|
| ಶನಿವಾರ ಕಬ್ಬನ್ ಪಾರ್ಕಿನಲ್ಲಿ ಎರಡು ಗಂಟೆ ಓದು | ಒಬ್ಬಳೇ | 20 | 60 |
| ಆಫೀಸಿನವರ ಜೊತೆ ಮಾಲ್, ಸಿನಿಮಾ | ಆರು ಜನ | 80 | 40 |
| ಮನೆಯಲ್ಲಿ ಅಪ್ಪೆಹುಳಿ ಮಾಡಿ ಊಟ | ಒಬ್ಬಳೇ | 30 | 70 |
| ಭಾನುವಾರ ಮಧ್ಯಾಹ್ನ ರೀಲ್ಸ್ | ಒಬ್ಬಳೇ | 50 | 10 |
| ಹಳೆಯ ಗೆಳತಿಗೆ ಫೋನ್, 20 ನಿಮಿಷ | ಒಬ್ಬಳು | 40 | 75 |

ಒಂದು ವಾರದ ಹಾಳೆಯಿಂದ ಏನನ್ನೂ ತೀರ್ಮಾನಿಸಬಾರದು. ಎರಡು ವಾರದಲ್ಲಿ ಹತ್ತು ಹನ್ನೆರಡು ಸಾಲು ಸೇರಿದ ಮೇಲೆ ಅಂದಾಜಿಗೂ ನಿಜಕ್ಕೂ 30ಕ್ಕಿಂತ ಹೆಚ್ಚು ಅಂತರ ಇರುವ ಸಾಲುಗಳಿಗೆ ಸುತ್ತು ಹಾಕಿ. ಈ ಹಾಳೆಯಲ್ಲಿ ಎರಡು ವಿಷಯ ಕಾಣುತ್ತವೆ. ಒಬ್ಬಳೇ ಮಾಡಿದ ಕೆಲಸಗಳಲ್ಲಿ ಕೈಗೆ ಕೆಲಸ ಕೊಟ್ಟವು ಅಂದಾಜಿಗಿಂತ ಮೇಲೆ ಹೋಗಿವೆ, ಮೊಬೈಲು ನೆಲ ಕಚ್ಚಿದೆ. ಜನರ ಜೊತೆಗಿನವುಗಳಲ್ಲಿ ಆರು ಜನರ ಗದ್ದಲಕ್ಕಿಂತ ಒಬ್ಬಳ ಜೊತೆಗಿನ ಇಪ್ಪತ್ತು ನಿಮಿಷ ಮೇಲಿದೆ. ಇದು ಅವಳ ಹಾಳೆ, ನಿಮ್ಮದು ತಿರುಗಾಮುರುಗಾ ಇರಬಹುದು. ಮುಂದಿನ ವಾರದ ಸಮಯವನ್ನು ಸುತ್ತು ಹಾಕಿದ ಸಾಲುಗಳ ಪ್ರಕಾರ ಹಂಚಿ.

ಇಲ್ಲಿ ಕೆಡುವುದು ಒಂದೇ ಕಡೆ. ಜನ ಪುಸ್ತಕ ಓದುತ್ತಾರೆ, ಹಾಳೆ ತುಂಬುವುದಿಲ್ಲ. ಬರ್ನ್ಸ್ ಪುಸ್ತಕವನ್ನು ಖಿನ್ನತೆಯಿದ್ದವರಿಗೆ ಕೊಟ್ಟು ಅಮೆರಿಕದಲ್ಲಿ ಪರೀಕ್ಷೆಗಳು ನಡೆದಿವೆ. ನಾಲ್ಕು ವಾರದಲ್ಲಿ ಓದಿ ಮುಗಿಸಿ ಎಂದು ಕೊಟ್ಟು, ವಾರಕ್ಕೊಮ್ಮೆ ಫೋನ್ ಮಾಡಿ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಿದ್ದರು. ಆ ಚಿಕ್ಕ ಫೋನ್ ಕರೆಯನ್ನು ಕಡೆಗಣಿಸಬೇಡಿ. ಊರಿನ ಗೆಳತಿಯೋ ಅಣ್ಣನೋ ಯಾರಾದರೂ ಒಬ್ಬರಿಗೆ 'ಪ್ರತಿ ಭಾನುವಾರ ಸಂಜೆ ನನಗೆ ಫೋನ್ ಮಾಡಿ ಎಷ್ಟು ಸಾಲು ಬರೆದೆ ಅಂತ ಕೇಳು' ಅಂತ ಹೇಳಿಡಿ. ಏನು ಬರೆದೆ ಅಂತ ಕೇಳಬೇಕಿಲ್ಲ, ಎಷ್ಟು ಅಂತ ಕೇಳಿದರೆ ಸಾಕು.

ಮೂರನೆಯದು: ಗೆಳೆತನಕ್ಕೆ ಎಷ್ಟು ಗಂಟೆ

ಐದು ಮತ್ತು ಆರನೆಯ ವಾರಕ್ಕೆ ಮರಿಸಾ ಫ್ರಾಂಕೊ ಬರೆದ 'ಪ್ಲಟಾನಿಕ್' (2022). ದೊಡ್ಡವರಾದ ಮೇಲೆ ಗೆಳೆತನ ತಾನಾಗಿ ಆಗುತ್ತದೆಂದು ಕಾಯುವುದೇ ತಪ್ಪು ಎಂಬಲ್ಲಿಂದ ಶುರುಮಾಡುತ್ತಾರೆ. ಅವರು ಹೇಳುವುದರಲ್ಲಿ ಹೊಸ ಊರಿನವರಿಗೆ ಮುಖ್ಯವಾದದ್ದು ಎರಡು ತರಹದ ತಪ್ಪಿಸಿಕೊಳ್ಳುವಿಕೆ. ಹೋಗದೇ ಇರುವುದು ಒಂದು, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಹೋಗಿಯೂ ಹೋಗದಂತಿರುವುದು: ಮೂಲೆಯಲ್ಲಿ ಮೊಬೈಲ್ ನೋಡುತ್ತಾ ನಿಂತು, ಗೊತ್ತಿರುವ ಒಬ್ಬರಿಗೇ ಅಂಟಿಕೊಂಡು, ಒಂಬತ್ತಾಗುತ್ತಲೇ ಹೊರಟುಬಿಡುವುದು. ಅದಕ್ಕೆ ಪುಸ್ತಕದ ಮದ್ದು ಸರಳ. ಎದುರಿನವರಿಗೆ ನೀವು ಇಷ್ಟವಾಗುತ್ತೀರಿ ಎಂದೇ ಎಣಿಸಿಕೊಂಡು ಹೋಗಿ. ಇದು ಬರೀ ಹುರಿದುಂಬಿಸುವ ಮಾತಲ್ಲ. ಹೊಸಬರ ಜೊತೆ ಮಾತಾಡಿದ ಮೇಲೆ ಅವರಿಗೆ ನಾನು ಎಷ್ಟು ಹಿಡಿಸಿದೆ ಎಂಬುದನ್ನು ನಾವು ಇರುವುದಕ್ಕಿಂತ ಕಡಿಮೆಯೇ ಅಂದಾಜು ಮಾಡುತ್ತೇವೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಈಗಾಗಲೇ ಹಾಳೆಯಲ್ಲಿ ಅಂದಾಜಿನ ಸೋಲನ್ನು ಕಂಡವರಿಗೆ ಇದನ್ನು ನಂಬುವುದು ಕಷ್ಟವಾಗುವುದಿಲ್ಲ. ಬರ್ನ್ಸ್ ಮೊದಲು, ಫ್ರಾಂಕೊ ಆಮೇಲೆ ಅನ್ನುವುದು ಇದಕ್ಕೇ.

ಪುಸ್ತಕದ ಜೊತೆ ಒಂದು ಲೆಕ್ಕ ಇಟ್ಟುಕೊಳ್ಳಿ. ಕಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್, ಕಳೆದ ಆರು ತಿಂಗಳಲ್ಲಿ ಊರು ಬದಲಿಸಿದ 355 ಜನರನ್ನು ಹಿಡಿದು, ಹೊಸ ಪರಿಚಯ ಗೆಳೆತನವಾಗಲು ಎಷ್ಟು ಗಂಟೆ ಒಟ್ಟಿಗೆ ಕಳೆಯಬೇಕು ಎಂದು ಲೆಕ್ಕ ಹಾಕಿದರು. ಸುಮಾರು 50 ಗಂಟೆಗೆ ಸಲೀಸಾದ ಪರಿಚಯ, 90 ಗಂಟೆಗೆ ಗೆಳೆತನ, 200 ಗಂಟೆ ದಾಟಿದರೆ ಆಪ್ತತೆ. ಒಟ್ಟಿಗೆ ಕೆಲಸ ಮಾಡಿದ ಗಂಟೆಗಳಿಗೆ ಅಷ್ಟು ತೂಕವಿಲ್ಲ ಎಂಬುದೂ ಅಲ್ಲಿ ಕಂಡಿತು. ಎರಡು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತವರ ಮನೆ ಎಲ್ಲಿ ಅಂತ ಗೊತ್ತಿಲ್ಲದಿರುವುದು ಆಶ್ಚರ್ಯವೇನಲ್ಲ.

ಈ ಗಂಟೆಗಳನ್ನು ಕ್ಯಾಲೆಂಡರಿನ ಮೇಲೆ ಹಾಕಿ ನೋಡಿ. ಒಂದು ಗುಂಪನ್ನು ಶನಿವಾರ ಎರಡು ಗಂಟೆ ಮಾತ್ರ ಕಂಡರೆ 50 ಗಂಟೆಗೆ 25 ವಾರ ಬೇಕು. ಮೂರು ಶನಿವಾರ ಹೋಗಿ ಯಾರೂ ಹತ್ತಿರವಾಗಲಿಲ್ಲ ಅಂತ ಬಿಟ್ಟವರು ಆರು ಗಂಟೆಗೆ ಬಿಟ್ಟಿದ್ದಾರೆ. ಅದೇ ಅಪಾರ್ಟ್‌ಮೆಂಟಿನ ಕೋರ್ಟಿನಲ್ಲಿ ವಾರಕ್ಕೆರಡು ಸಲ ಒಂದೂವರೆ ಗಂಟೆ ಶಟಲ್, ಆಟ ಮುಗಿದ ಮೇಲೆ ಅರ್ಧ ಗಂಟೆ ಬೇಕರಿಯ ಮುಂದೆ ಚಹಾ ಅಂತಾದರೆ ವಾರಕ್ಕೆ ನಾಲ್ಕು ಗಂಟೆ. ಹದಿಮೂರನೆಯ ವಾರಕ್ಕೆ 50 ದಾಟುತ್ತದೆ, ಇಪ್ಪತ್ಮೂರನೆಯ ವಾರಕ್ಕೆ 90. ಬೇಕರಿಯ ಅರ್ಧ ಗಂಟೆಯನ್ನು ಬಿಡಬಾರದು. ತಮಾಷೆ, ಹರಟೆ, ಹಿಂದಿನ ವಾರ ಏನಾಯಿತು ಎಂಬ ವಿಚಾರಣೆ ಎಲ್ಲ ನಡೆಯುವುದು ಅಲ್ಲೇ.

ಮಾತಾಡಲು ಬಾಯಿ ಬರದವರಿಗೂ ಇಲ್ಲಿ ದಾರಿ ಇದೆ. 1992ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಾಲ್ವರು ಹೆಂಗಸರನ್ನು ಒಂದು ದೊಡ್ಡ ತರಗತಿಗೆ ವಿದ್ಯಾರ್ಥಿಗಳಂತೆ ಕಳಿಸಿದರು. ಒಬ್ಬಳು ಹೋಗಲೇ ಇಲ್ಲ, ಉಳಿದವರು 5, 10, 15 ಸಲ ಹೋದರು. ಯಾರೂ ಯಾರ ಹತ್ತಿರವೂ ಮಾತಾಡಲಿಲ್ಲ. ಕೊನೆಗೆ ಫೋಟೊ ತೋರಿಸಿ ಕೇಳಿದಾಗ, ಹೆಚ್ಚು ಸಲ ಬಂದವಳೇ ವಿದ್ಯಾರ್ಥಿಗಳಿಗೆ ಹೆಚ್ಚು ಹಿಡಿಸಿದ್ದಳು. ವಾರಕ್ಕೊಂದು ಹೊಸ ಗುಂಪು, ತಿಂಗಳಿಗೊಂದು ಹೊಸ ಟ್ರೆಕ್ಕಿಂಗು ಅಂತ ಅಲೆಯುವವರಿಗೆ ಈ ಲಾಭ ಸಿಗುವುದಿಲ್ಲ. ಒಂದೇ ಜಾಗ, ಅದೇ ಹೊತ್ತು, ಅದೇ ಮುಖಗಳು. ಆರಿಸಿಕೊಳ್ಳುವಾಗ ಇದನ್ನೇ ನೋಡಿ.

ಕಥೆ, ಕಾದಂಬರಿ ಓದುವುದು ಯಾವಾಗ

ಈ ಮೂರೂ ಕೆಲಸದ ಪುಸ್ತಕಗಳು, ರಾತ್ರಿ ಮಲಗುವ ಮುಂಚೆ ಓದುವಂಥವಲ್ಲ. ಆ ಹೊತ್ತಿಗೆ ಕಥೆ ಬೇಕು, ಅಲ್ಲಿಯೂ ಆಯ್ಕೆ ಇದೆ.

ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳನ್ನು ದಿನಕ್ಕೊಂದರಂತೆ ಓದಿ. ಗೋಕರ್ಣದಿಂದ ಹೋಗಿ ಮುಂಬೈಯಲ್ಲಿ ವರ್ಷಗಟ್ಟಲೆ ನೌಕರಿ ಮಾಡಿದವರು ಅವರು. 'ಅಮೃತಬಳ್ಳಿ ಕಷಾಯ', 'ತೂಫಾನ್ ಮೇಲ್' ಮುಂತಾದ ಸಂಕಲನಗಳಲ್ಲಿ ಈ ಕಥೆಗಳು ಹರಡಿವೆ. ಅವುಗಳಲ್ಲಿ ಆಯ್ದ ಕಥೆಗಳ ಇಂಗ್ಲಿಷ್ ಅನುವಾದ 'ನೋ ಪ್ರೆಸೆಂಟ್ಸ್ ಪ್ಲೀಸ್' 2018ರ ಡಿಎಸ್‌ಸಿ ಪ್ರಶಸ್ತಿ ಪಡೆಯಿತು. 'ಒಪೆರಾ ಹೌಸ್' ಕಥೆಯ ಇಂದ್ರನೀಲ ಸಿನಿಮಾ ಥಿಯೇಟರಿನಲ್ಲಿ ಕಸ ಗುಡಿಸುವವನು. ಪ್ರೇಕ್ಷಕರು ಬಿಟ್ಟುಹೋದ ಒಂದು ಥರ್ಮಾಸ್ ಫ್ಲಾಸ್ಕು ಅವನ ಕೈಗೆ ಸಿಗುತ್ತದೆ. ಯಾರದ್ದೋ ಫ್ಲಾಸ್ಕು, ಯಾರಿಗೋ ಒಯ್ಯುತ್ತಿದ್ದ ಪೇಯ. ಅಪರಿಚಿತರ ಬದುಕಿನ ಬಗ್ಗೆ ಒಬ್ಬ ಒಂಟಿ ಮನುಷ್ಯ ಕಾಳಜಿಯಿಂದ ಊಹಿಸುವ ರೀತಿ ಅಲ್ಲಿದೆ. ಅನುಮಾನದ ಕಣ್ಣಿಗೆ ತದ್ವಿರುದ್ಧವಾದ ಕಣ್ಣು ಅದು. ನೋಟ್‌ಬುಕ್ಕಿನ ಬಲಗಡೆ ಬರೆಯಲು ನೀವು ಕಷ್ಟಪಡುತ್ತಿರುವುದನ್ನು ಈ ಕಥೆಗಳು ಆಡುತ್ತಾ ಮಾಡುತ್ತವೆ.

ಯಶವಂತ ಚಿತ್ತಾಲರ 'ಶಿಕಾರಿ' (1979) ಇದೇ ವಸ್ತುವಿನ ಮೇಲೆ ಕನ್ನಡದಲ್ಲಿ ಬಂದ ದೊಡ್ಡ ಕಾದಂಬರಿ. ಉತ್ತರ ಕನ್ನಡದಿಂದ ಮುಂಬೈಗೆ ಬಂದು, ಕಂಪನಿಯ ಮೇಲಿನ ಹುದ್ದೆಗೆ ಏರಿ, ಒಂದು ದಿನ ಕೆಲಸದಿಂದ ಅಮಾನತಾದ ನಾಗಪ್ಪನ ಕಥೆ. ಯಾರು ಬೇಟೆಗಾರ, ಯಾರು ಬೇಟೆ ಎಂಬ ಗುಮಾನಿ ಪುಟಪುಟಕ್ಕೂ ಹೆಚ್ಚುತ್ತಾ ಹೋಗುತ್ತದೆ. ಇದನ್ನು ಖಂಡಿತ ಓದಬೇಕು, ಆದರೆ ಅಂಕ 6ಕ್ಕಿಂತ ಕೆಳಗೆ ಇಳಿದ ಮೇಲೆ. ಅಂಕ 8 ಇರುವಾಗ, ಬಾಗಿಲು ಹಾಕಿದ ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೆ ಓದಿದರೆ ನಾಗಪ್ಪನ ಅನುಮಾನಗಳು ನಿಮ್ಮ ಮ್ಯಾನೇಜರಿನ ಮುಖಕ್ಕೆ ಅಂಟಿಕೊಳ್ಳುತ್ತವೆ.

ಒಲಿವಿಯಾ ಲೇಂಗ್ ಅವರ 'ದ ಲೋನ್ಲಿ ಸಿಟಿ' (2016) ಕೂಡ ಈ ಪಟ್ಟಿಗಳಲ್ಲಿ ತಪ್ಪದೆ ಬರುತ್ತದೆ. ಸಂಬಂಧವೊಂದು ಮುರಿದು ನ್ಯೂಯಾರ್ಕಿನಲ್ಲಿ ಒಬ್ಬರೇ ಉಳಿದ ಲೇಖಕಿ, ಎಡ್ವರ್ಡ್ ಹಾಪರ್, ಆಂಡಿ ವಾರ್‌ಹಾಲ್ ಮೊದಲಾದ ಕಲಾವಿದರ ಒಂಟಿತನವನ್ನು ಹುಡುಕುತ್ತಾ ಹೋಗುತ್ತಾರೆ. ಒಂಟಿತನಕ್ಕೆ ನಾಚಿಕೊಳ್ಳುವವರಿಗೆ ಒಳ್ಳೆಯದು. ಏನು ಮಾಡಬೇಕು ಅಂತ ಹೇಳುವ ಪುಸ್ತಕ ಇದಲ್ಲ, ಹಾಗೆಂದು ತಿಳಿದು ಕೊಂಡವರಿಗೆ ನಿರಾಸೆಯಾಗುತ್ತದೆ.

ಎಲ್ಲಿ ಕೂತು ಓದಬೇಕು

ಒಂಟಿತನದ ಪುಸ್ತಕವನ್ನು ಒಂಟಿ ಕೋಣೆಯಲ್ಲೇ ಓದುವುದು ಇಡೀ ಪ್ರಯತ್ನದ ದೊಡ್ಡ ತಪ್ಪು. ಓದು ಅಡಗಿಕೊಳ್ಳುವ ಜಾಗವಾಗಿಬಿಡುತ್ತದೆ. ಅದು ಹಾಗಾಗುತ್ತಿದೆ ಎಂದು ತಿಳಿಯುವುದು ಹೇಗೆ? ಯಾರಾದರೂ ಕರೆದಾಗ 'ಈ ಅಧ್ಯಾಯ ಮುಗಿಸಿ ಬರ್ತೀನಿ' ಅಂತ ಬಾಯಿಗೆ ಬಂದರೆ, ಮೊದಲ ಪುಸ್ತಕದ ಪುಟದಲ್ಲಿ ಒಂದು ಘಟನೆಯನ್ನೂ ಬರೆಯದೆ ಎರಡನೆಯದಕ್ಕೆ ಹೋದರೆ, ಹಾಗಾಗುತ್ತಿದೆ ಅಂತಲೇ ಅರ್ಥ. ಆಗ ಓದು ನಿಲ್ಲಿಸಿ ಮೂರು ಘಟನೆ ಬರೆಯಿರಿ.

ವಾರದಲ್ಲಿ ಎರಡು ಓದು ಹೊರಗೆ ಇರಲಿ. ವೈಟ್‌ಫೀಲ್ಡಿನಿಂದ ಕಬ್ಬನ್ ಪಾರ್ಕಿಗೆ ಮೆಟ್ರೊ ನೇರಳೆ ಮಾರ್ಗದಲ್ಲಿ ಗಾಡಿ ಬದಲಿಸದೆ ಬರಬಹುದು. ಪಾರ್ಕಿನೊಳಗೆ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ಇದೆ. ಶನಿವಾರಗಳಂದು ಪಾರ್ಕಿನ ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು ಮೌನವಾಗಿ ಓದುವ 'ಕಬ್ಬನ್ ರೀಡ್ಸ್' ಗುಂಪು ಸೇರುತ್ತದೆ. ಅಲ್ಲಿ ಯಾರೂ ನಿಮ್ಮನ್ನು ಪರಿಚಯ ಮಾಡಿಕೊಳ್ಳಿ ಅಂತ ಎಬ್ಬಿಸಿ ನಿಲ್ಲಿಸುವುದಿಲ್ಲ. ಮಾತಿಲ್ಲದೆ ಮುಖ ಪರಿಚಯ ಬೆಳೆಯುವುದಕ್ಕೆ, ಮೇಲೆ ಹೇಳಿದ ತರಗತಿಯ ಪ್ರಯೋಗದ ಹಾಗೆ, ಇದು ಹೇಳಿಮಾಡಿಸಿದ ಜಾಗ. ಪ್ರತಿ ಸಲ ಹೆಚ್ಚುಕಡಿಮೆ ಒಂದೇ ಮರದ ಹತ್ತಿರ ಕೂರಿ. ನಾಲ್ಕನೆಯ ಶನಿವಾರದ ಹೊತ್ತಿಗೆ ಪಕ್ಕದವರ ಕೈಯಲ್ಲಿರುವ ಪುಸ್ತಕದ ಬಗ್ಗೆ ಕೇಳಬಹುದು. ಕನ್ನಡ ಪುಸ್ತಕ ಹಿಡಿದು ಕೂತರೆ ಕನ್ನಡದವರು ತಾವಾಗಿಯೇ ಮಾತಾಡಿಸುತ್ತಾರೆ. ದೂರ ಅನ್ನಿಸಿದರೆ ನಿಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದ ಪತ್ರಿಕೆ ಓದುವ ಮೇಜು ಸಾಕು. ಅಲ್ಲಿಗೆ ದಿನಾ ಬರುವ ನಿವೃತ್ತರು ನಿಮ್ಮ ವಯಸ್ಸಿನವರಲ್ಲ ನಿಜ, ಆದರೆ ಮೂರು ದಿನ ಕಾಣದಿದ್ದರೆ 'ಎಲ್ಲಿ ಹೋಗಿದ್ಯಮ್ಮ?' ಅಂತ ಕೇಳುವವರು ಅವರೇ.

ಆರು ವಾರ ಆದಮೇಲೆ

ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಹಿಂದಿರುಗಿ, ಹಳೆಯ ಅಂಕವನ್ನು ಕೈಯಿಂದ ಮುಚ್ಚಿಕೊಂಡು ಮೂರು ಪ್ರಶ್ನೆಗೆ ಮತ್ತೆ ಉತ್ತರಿಸಿ. 8 ಇದ್ದದ್ದು 7 ಆಗಿದ್ದರೂ ಲೆಕ್ಕ ಸರಿದಾರಿಯಲ್ಲಿದೆ. ಆರು ವಾರದಲ್ಲಿ ಬದಲಾಗುವುದು ಹೆಚ್ಚಾಗಿ ನೋಡುವ ಕಣ್ಣು, ಗೆಳೆತನದ ಗಂಟೆಗಳು ಇನ್ನೂ ತುಂಬಿರುವುದಿಲ್ಲ. ಅಂಕ ಕದಲದಿದ್ದರೆ ಹಾಳೆಗಳನ್ನು ತಿರುವಿ ನೋಡಿ. ಬಲಗಡೆಯ ಕಾರಣಗಳು ಖಾಲಿ ಬಿದ್ದಿದ್ದರೆ ಮೊದಲ ಪುಸ್ತಕವನ್ನು ಇನ್ನೆರಡು ವಾರ ಮುಂದುವರಿಸಿ. ಅವು ತುಂಬಿವೆ, ಆದರೆ ಜನರ ಜೊತೆ ವಾರಕ್ಕೆ ಎರಡು ಗಂಟೆಯೂ ಕಳೆದಿಲ್ಲ ಅಂದರೆ ಹೊಸ ಪುಸ್ತಕ ಬೇಡ, ಶಟಲ್ ಬ್ಯಾಟು ಕೊಳ್ಳಿ.

ಇನ್ನೊಂದು ಸಾಧ್ಯತೆಯೂ ಇದೆ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಇಷ್ಟವಾಗುತ್ತಿದ್ದ ಯಾವುದರಲ್ಲೂ ರುಚಿ ಇಲ್ಲದಿರುವುದು, ನಿದ್ದೆ ಊಟ ಏರುಪೇರಾಗುವುದು, ಒಂದು ಪುಟವನ್ನು ಮೂರು ಸಲ ಓದಿದರೂ ತಲೆಗೆ ಹೋಗದಿರುವುದು. ಹಾಳೆಯಲ್ಲಿ ಎಲ್ಲ ಸಾಲಿನ 'ನಿಜ'ವೂ 10, 15ರಲ್ಲೇ ನಿಂತಿರುವುದು ಇದರ ಗುರುತು. ಇದು ಒಂಟಿತನದ ಗಡಿ ದಾಟಿ ಖಿನ್ನತೆಯ ಕಡೆ ಹೊರಟಿರಬಹುದು, ಆಗ ಓದು ಸಾಲುವುದಿಲ್ಲ. ಬದುಕು ಸಾಕು ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬಾರದು. ಟೆಲಿ ಮಾನಸ್ ಸಹಾಯವಾಣಿ 14416. 2022ರ ಅಕ್ಟೋಬರ್ 10ರಂದು ಶುರುವಾದ ಸರಕಾರಿ ಸೇವೆ, ದಿನದ ಇಪ್ಪತ್ನಾಲ್ಕು ಗಂಟೆ, ಹಣ ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದು, ಬೇರೆ ರಾಜ್ಯದಲ್ಲಿದ್ದರೂ ಭಾಷೆಯನ್ನು ಆರಿಸಿಕೊಳ್ಳಬಹುದು. ಏನು ಹೇಳಬೇಕೆಂದು ತೋಚದಿದ್ದರೆ ನೋಟ್‌ಬುಕ್ಕು ಎದುರಿಗೆ ಇಟ್ಟುಕೊಂಡು ಮಾಡಿ. ಎಷ್ಟು ದಿನದಿಂದ ಹೀಗಿದೆ, ನಿದ್ದೆ ಎಷ್ಟು ಗಂಟೆ, ಹಾಳೆಯ ಅಂಕಗಳು ಎಷ್ಟು ಅಂತ ಅದರಲ್ಲಿರುವುದನ್ನು ಓದಿ ಹೇಳಿದರೆ ಮಾತು ಶುರುವಾಗುತ್ತದೆ.